ಒಂದೇ ಅಂಗಡಿಗೆ ಎರಡು ಲೈನ್: ಮನೆ ಪ್ಲಾನ್ ಮತ್ತು ಬಿಸಿನೆಸ್ ಪ್ಲಾನ್

ಮೈಸೂರಿನಲ್ಲಿ ನನ್ನದೊಂದು ಮದುವೆ ವಿಡಿಯೊ ಎಡಿಟಿಂಗ್ ಅಂಗಡಿ. ಮೂರು ವರ್ಷ ಮನೆ ಪ್ಲಾನ್ ಹಾಕಿಸಿಕೊಂಡೇ ಕೆಲಸ ನಡೆಸಿದೆ. ಕಳೆದ ಸೀಸನ್‌ನಲ್ಲಿ ಬಿಸಿನೆಸ್ ಪ್ಲಾನ್ ಕೂಡ ತೆಗೆದುಕೊಂಡು ಎರಡನ್ನೂ ಒಂದು ತಿಂಗಳು ಒಟ್ಟಿಗೆ ಓಡಿಸಿ ನೋಡಿದೆ. ಎರಡರ ಜಾಹೀರಾತಿನಲ್ಲೂ ದೊಡ್ಡದಾಗಿ ಬರೆದಿದ್ದದ್ದು 100 ಎಂಬಿಪಿಎಸ್. ಬೆಲೆ ಮಾತ್ರ ಸುಮಾರು ಮೂರು ಪಟ್ಟು ವ್ಯತ್ಯಾಸ.

ಆ 100 ಡೌನ್‌ಲೋಡ್‌ನ ಲೆಕ್ಕ. ನನಗೆ ಬೇಕಿದ್ದದ್ದು ಅಪ್‌ಲೋಡ್. ನನ್ನ ಮನೆ ಪ್ಲಾನ್ ಹಳೇ ಕೇಬಲ್ ಲೈನಿನದು, ಅಪ್‌ಲೋಡ್ 20 ಮಾತ್ರ. ಬಿಸಿನೆಸ್ ಪ್ಲಾನ್ ಫೈಬರ್, ಎರಡೂ ಕಡೆ 100. ಒಂದು ಮದುವೆಯ ಫೈಲುಗಳು 80 ಜಿಬಿ ಇದ್ದವು ಅಂದುಕೊಳ್ಳಿ. 20 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 2.5 ಎಂಬಿ, ಹಾಗಾಗಿ ಎಲ್ಲ ಹೋಗಿ ಮುಟ್ಟಲು ಹತ್ತಿರ ಹತ್ತಿರ ಒಂಬತ್ತು ಗಂಟೆ. 100 ಇದ್ದರೆ ಒಂದು ಮುಕ್ಕಾಲು ಗಂಟೆ ಚಿಲ್ಲರೆ. ರಾತ್ರಿ ಹಾಕಿ ಬೆಳಿಗ್ಗೆ ನೋಡುವ ಕೆಲಸ ಊಟದ ಹೊತ್ತಿಗೆ ಮುಗಿಯುತ್ತಿತ್ತು. ಆದರೆ ಇದು ಬಿಸಿನೆಸ್ ಅನ್ನುವ ಹೆಸರಿನ ಮಹಿಮೆ ಅಲ್ಲ. ಮನೆಯ ಫೈಬರ್ ಪ್ಲಾನುಗಳಲ್ಲೂ ಎಷ್ಟೋ ಕಡೆ ಎರಡೂ ಕಡೆ ಒಂದೇ ವೇಗ ಕೊಡುತ್ತಾರೆ. ಕೇಳಿದರೆ ಮಾತ್ರ ಹೇಳುತ್ತಾರೆ, ಅಷ್ಟೇ.

ಎರಡನೆಯದು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ವಿಳಾಸ. ಅಂಗಡಿಯ ಎನ್‌ಎಎಸ್, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಹಾರ್ಡ್ ಡಿಸ್ಕ್ ಡಬ್ಬಿಯಲ್ಲಿರುವ ಫೈಲುಗಳನ್ನು ಛತ್ರದಿಂದಲೇ ತೆರೆಯಬೇಕು ಅನ್ನುವುದು ನನ್ನ ಆಸೆ. ಹೊರಗಿನಿಂದ ಬಂದ ಸಂಪರ್ಕವನ್ನು ಆ ಡಬ್ಬಿಗೆ ಕಳಿಸಲು ಮನೆ ಲೈನಿನ ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದೆ, ಆಗಲಿಲ್ಲ. ವಿಳಾಸ ಬದಲಾದರೂ ಒಂದೇ ಹೆಸರಿನಲ್ಲಿ ಸಿಗುವ ಹಾಗೆ ಡೈನಮಿಕ್ ಡಿಎನ್‌ಎಸ್ ಹಾಕಿದೆ, ಅದೂ ಆಗಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ರೌಟರ್‌ನ WAN IP, ಅಂದರೆ ಕಂಪನಿ ರೌಟರ್‌ಗೆ ಕೊಟ್ಟ ವಿಳಾಸ ನೋಡಿದೆ: 100.72 ಅಂತ ಶುರುವಾಗುತ್ತಿತ್ತು. 100.64ರಿಂದ 100.127ರ ಒಳಗೆ ವಿಳಾಸ ಇದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಒಂದೇ ಹೊರಗಿನ ವಿಳಾಸವನ್ನು ಕಂಪನಿ ತುಂಬಾ ಗ್ರಾಹಕರಿಗೆ ಹಂಚಿರುತ್ತದೆ. ಅಪಾರ್ಟ್‌ಮೆಂಟಿನ ಗೇಟು ಗೊತ್ತು, ಫ್ಲ್ಯಾಟ್ ನಂಬರ್ ಗೊತ್ತಿಲ್ಲ ಅನ್ನುವ ಹಾಗೆ. ಹೊರಗಿನಿಂದ ಬಂದವನಿಗೆ ನಿಮ್ಮ ಬಾಗಿಲು ಸಿಗುವುದೇ ಇಲ್ಲ.

ಸ್ಟ್ಯಾಟಿಕ್ ಐಪಿ ಇದ್ದ ಬಿಸಿನೆಸ್ ಲೈನಿನಲ್ಲಿ ಹತ್ತು ನಿಮಿಷಕ್ಕೆ ಎನ್‌ಎಎಸ್ ತೆರೆಯಿತು. ಖುಷಿ ಎರಡೇ ದಿನ. ಮೂರನೇ ದಿನ ಲಾಗ್ ನೋಡಿದರೆ ಎಲ್ಲೆಲ್ಲಿಂದಲೋ `admin` ಹೆಸರಿನಲ್ಲಿ ನೂರಾರು ಲಾಗಿನ್ ಪ್ರಯತ್ನ! ತಕ್ಷಣ ಆ ಪೋರ್ಟ್ ಮುಚ್ಚಿ ರೌಟರ್‌ನಲ್ಲೇ ವಿಪಿಎನ್, ಅಂದರೆ ನಮ್ಮವರು ಮಾತ್ರ ಒಳಗೆ ಬರುವ ಖಾಸಗಿ ದಾರಿ ಹಾಕಿದೆ. ಆಮೇಲೆ ತಿಳಿದದ್ದು: ಒಳಗಿನಿಂದಲೇ ಹೊರಗೆ ಸಂಪರ್ಕ ಮಾಡಿಕೊಳ್ಳುವ ಟೇಲ್‌ಸ್ಕೇಲ್‌ನಂಥ ವಿಪಿಎನ್ ಆದರೆ ಸಿಜಿನ್ಯಾಟ್ ಇದ್ದರೂ ಕೆಲಸ ಮಾಡುತ್ತದೆ. ಅಂದರೆ ನನ್ನ ಮಟ್ಟಿಗೆ ಸ್ಟ್ಯಾಟಿಕ್ ಐಪಿ ಬೇಕೇ ಇರಲಿಲ್ಲ. ನಿಮ್ಮ ವಿಳಾಸವನ್ನು ಪಟ್ಟಿಗೆ ಸೇರಿಸಿದರೆ ಮಾತ್ರ ಒಳಗೆ ಬಿಡುವ ಸರ್ವರ್ ಬಳಸುವವರಿಗೆ ಅದು ನಿಜವಾಗಿಯೂ ಬೇಕು.

ಇನ್ನು ಕಂಟೆನ್ಷನ್ ರೇಶಿಯೊ, ಅಂದರೆ ಒಂದೇ ಸಾಮರ್ಥ್ಯವನ್ನು ಎಷ್ಟು ಜನಕ್ಕೆ ಮಾರಿದ್ದಾರೆ ಅನ್ನುವುದು. 2009ರಲ್ಲಿ ಟೆಲಿಕಾಂ ನಿಯಂತ್ರಕ ಟ್ರಾಯ್ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆಗೆ 1:50, ಬಿಸಿನೆಸ್‌ಗೆ 1:30 ಅಂತಿತ್ತು. 1:50 ಅಂದರೆ ಐವತ್ತೂ ಜನ ಒಟ್ಟಿಗೆ ಎಳೆದರೆ 100ರಲ್ಲಿ ನಿಮ್ಮ ಪಾಲು 2. ಹಾಗೆ ಎಲ್ಲರೂ ಒಟ್ಟಿಗೆ ಎಳೆಯುವುದಿಲ್ಲ ಅನ್ನುವ ಧೈರ್ಯದ ಮೇಲೇ ಈ ವ್ಯಾಪಾರ ನಡೆಯುತ್ತದೆ. ನನ್ನ ಎರಡು ಪ್ಲಾನುಗಳ ಕಾಗದದಲ್ಲೂ ಈ ಸಂಖ್ಯೆ ಎಲ್ಲೂ ಇರಲಿಲ್ಲ. ಹಾಗಾಗಿ ಅಳೆದೇ ನೋಡಬೇಕಾಯಿತು.

ರೌಟರ್‌ಗೆ ಕೇಬಲ್ ಚುಚ್ಚಿ, ನಮ್ಮದೇ ಅಪ್‌ಲೋಡ್ ನಿಲ್ಲಿಸಿ, ಬೆಳಿಗ್ಗೆ ಆರಕ್ಕೆ ಮತ್ತು ರಾತ್ರಿ ಒಂಬತ್ತಕ್ಕೆ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ, ದಾರಿಯ ಪ್ರತಿ ಪೆಟ್ಟಿಗೆ ಉತ್ತರಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಅಂತ ಸಾಲು ಸಾಲಾಗಿ ತೋರಿಸುವ ಇದನ್ನು ಓಡಿಸಿದೆ:

```
tracert -d 8.8.8.8
```

ಮೊದಲ ಸಾಲು ನಮ್ಮ ರೌಟರ್, ಯಾವಾಗಲೂ 1 ಮಿಲಿಸೆಕೆಂಡ್. ಮನೆ ಲೈನಿನಲ್ಲಿ ಎರಡನೇ ಸಾಲು ಬೆಳಿಗ್ಗೆ 5, ರಾತ್ರಿ 60ರ ಮೇಲೆ. ಅದರ ಕೆಳಗಿನ ಸಾಲುಗಳೂ ಹಾಗೆಯೇ ಏರಿದ್ದವು. ಒಂದೇ ಸಾಲು ಏರಿದ್ದರೆ ನಂಬಬೇಡಿ, ಆ ಪೆಟ್ಟಿಗೆ ಸುಮ್ನೆ ಉತ್ತರ ಕೊಡಲು ತಡ ಮಾಡುತ್ತಿರಬಹುದು. ಅಲ್ಲಿಂದ ಕೆಳಗೆ ಎಲ್ಲವೂ ಏರಿದ್ದರೆ ಜಾಮ್ ಕಂಪನಿಯ ಕಡೆಯೇ. ವೈಫೈಯನ್ನು ಬೈದು ಪ್ರಯೋಜನವಿಲ್ಲ. ಅದೇ ಹೊತ್ತಿಗೆ ಅಪ್‌ಲೋಡ್ 20ರಿಂದ 6ಕ್ಕೆ ಇಳಿದಿತ್ತು. ಬಿಸಿನೆಸ್ ಲೈನಿನ ಅಪ್‌ಲೋಡ್ ಅದೇ ರಾತ್ರಿ 90ರ ಆಸುಪಾಸಿನಲ್ಲಿತ್ತು.

ಇದರಲ್ಲಿ ಒಂದು ಮೋಜಿದೆ. ಫೈಬರ್‌ನಲ್ಲಿ ಬಿಸಿನೆಸ್‌ನವರೂ ಮನೆಯವರೂ ಒಂದೇ ತಂತಿ ಹಂಚಿಕೊಂಡಿರಬಹುದು. ಒಂದೇ ಫೈಬರ್ ಅನ್ನು ಹಲವು ಮನೆಗೆ ಹಂಚುವ ಜೀಪಾನ್ ತಂತ್ರಜ್ಞಾನದಲ್ಲಿ ಕಂಪನಿ ಕಡೆಯ ಒಂದು ಪೋರ್ಟ್‌ಗೆ ಡೌನ್ ಸುಮಾರು 2.5 ಜಿಬಿಪಿಎಸ್, ಅಪ್ 1.25. ಅದನ್ನು 32 ಮನೆಗೆ ಸೀಳಿದರೂ, ಎಲ್ಲರೂ ಒಟ್ಟಿಗೆ ಕಳಿಸಿದರೆ ತಲಾ 39 ಎಂಬಿಪಿಎಸ್ ಅಪ್‌ಲೋಡ್ ಸಿಗುತ್ತದೆ. ಅಂದರೆ ಇಕ್ಕಟ್ಟು ಬೀದಿಯ ಫೈಬರ್‌ನಲ್ಲಿ ಕಡಿಮೆ, ಆಪರೇಟರ್ ಮೇಲಿನಿಂದ ಕೊಂಡ ಸಾಮರ್ಥ್ಯದಲ್ಲಿ ಜಾಸ್ತಿ. ಅದು ಏರಿಯಾದಿಂದ ಏರಿಯಾಕ್ಕೆ ಬೇರೆ. ನಿಮ್ಮ ಬೀದಿಯಲ್ಲಿ ಅದೇ ಆಪರೇಟರ್ ಲೈನ್ ಇರುವವರ ಮನೆಗೆ ರಾತ್ರಿ ಒಂಬತ್ತಕ್ಕೆ ಹೋಗಿ ಪರೀಕ್ಷೆ ಮಾಡಿ, ಆಮೇಲೆ ದುಡ್ಡು ಕಟ್ಟಿ.

ನಾನು ಬಿಸಿನೆಸ್ ಲೈನ್ ಇಟ್ಟುಕೊಂಡೆ, ಸಂಜೆಯ ಅಪ್‌ಲೋಡ್‌ಗಾಗಿ ಮಾತ್ರ. ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ನಂಬರ್ ಹಾಕಿಸಿದ್ದರಿಂದ 18% ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಮನೆ ಪ್ಲಾನನ್ನು ಮನೆಗೇ ಕಳಿಸಿದೆ. ಅಲ್ಲಿ ರಾತ್ರಿ ಒಂಬತ್ತಕ್ಕೆ ಮಕ್ಕಳ ಕಾರ್ಟೂನ್ ಓಡಿದರೆ ಸಾಕು.