ಟ್ಯಾಪ್ ಮಾಡುವ ಫೋನ್: ಕೀಲಿ ಚಿಪ್‌ನಲ್ಲೋ, ಸಾಫ್ಟ್‌ವೇರ್‌ನಲ್ಲೋ?

ಲಂಡನ್‌ನಲ್ಲಿ ನಾನು ಎರಡು ಫೋನ್ ಬಳಸುತ್ತೇನೆ, ಒಂದು ಐಫೋನ್, ಒಂದು ಆಂಡ್ರಾಯ್ಡ್. ಎರಡರಲ್ಲೂ ಒಂದೇ ಬ್ಯಾಂಕ್ ಕಾರ್ಡ್ ಇದೆ. ಅಂಗಡಿಯ ಪಾವತಿ ಮೆಷಿನ್‌ಗೆ ಟ್ಯಾಪ್ ಮಾಡಿದರೆ ಎರಡೂ ಒಂದೇ ಥರ ಕೆಲಸ ಮಾಡುತ್ತವೆ. ಆದರೆ ರಸೀದಿಯಲ್ಲಿ ಬರುವ ಕೊನೆಯ ನಾಲ್ಕು ಅಂಕಿ ಒಂದೊಂದಕ್ಕೂ ಬೇರೆ, ಪ್ಲಾಸ್ಟಿಕ್ ಕಾರ್ಡಿನದಂತೂ ಬೇರೆಯೇ. ಅಸಲಿ ನಂಬರಿನ ಬದಲು ಪ್ರತಿ ಫೋನಿಗೂ ಒಂದು ಟೋಕನ್ ಕೊಟ್ಟಿರುತ್ತಾರೆ, ಅದಕ್ಕೇ ಹೀಗೆ.

ಇಲ್ಲಿಯವರೆಗೆ ಎರಡೂ ಸಮ. ಪ್ರತಿ ಪಾವತಿಗೂ ಒಂದು ಹೊಸ ಸಂಕೇತ ತಯಾರಿಸಬೇಕಲ್ವಾ, ಅದಕ್ಕೆ ಬೇಕಾದ ಗುಪ್ತ ಕೀಲಿ ಎಲ್ಲಿರುತ್ತದೆ ಅನ್ನುವುದರಲ್ಲಿ ದಾರಿ ಬೇರೆಯಾಗುತ್ತದೆ.

ಐಫೋನಿನಲ್ಲಿ ಅದು ಸೆಕ್ಯೂರ್ ಎಲಿಮೆಂಟ್ ಅನ್ನುವ ಪ್ರತ್ಯೇಕ ಚಿಪ್‌ನೊಳಗೆ. ಲೆಕ್ಕ ಅಲ್ಲೇ ನಡೆಯುತ್ತದೆ, ಉತ್ತರ ಮಾತ್ರ ಹೊರಗೆ ಬರುತ್ತದೆ. ಕೀಲಿ ಐಒಎಸ್ ಕೈಗೂ ಸಿಗುವುದಿಲ್ಲ. ನನ್ನ ಆಂಡ್ರಾಯ್ಡ್‌ನಲ್ಲಿರುವುದು 2013ರ ಆಂಡ್ರಾಯ್ಡ್ 4.4ರ ಜೊತೆ ಬಂದ ಹೋಸ್ಟ್ ಕಾರ್ಡ್ ಎಮ್ಯುಲೇಶನ್, ಅಂದರೆ ಎಚ್‌ಸಿಇ. ಇಲ್ಲಿ ಅಂಗಡಿಯ ಮೆಷಿನ್ ಕೇಳುವ ಪ್ರಶ್ನೆಗೆ ಉತ್ತರ ಕೊಡುವುದು ಫೋನಿನಲ್ಲಿ ಓಡುತ್ತಿರುವ ಒಂದು ಆ್ಯಪ್. ಆ್ಯಪ್ ಇರುವ ಜಾಗವನ್ನು ಚಿಪ್‌ನಷ್ಟು ನಂಬಲಾಗುವುದಿಲ್ಲ. ಹಾಗಾಗಿ ಮೂಲ ಕೀಲಿ ಸರ್ವರ್‌ನಲ್ಲೇ ಉಳಿಯುತ್ತದೆ. ಫೋನಿಗೆ ಇಳಿಯುವುದು ಕೆಲವೇ ಪಾವತಿಗೆ ಅಥವಾ ಸ್ವಲ್ಪ ಕಾಲಕ್ಕೆ ನಡೆಯುವ ತಾತ್ಕಾಲಿಕ ಕೀಲಿ. ಯಾರಾದರೂ ಕದ್ದರೂ ಅದು ಬೇಗ ಸವೆದುಹೋಗುತ್ತದೆ. ರೂಟ್ ಮಾಡಿದ, ಅಂದರೆ ಸಿಸ್ಟಂನ ಬೀಗ ತೆಗೆದ ಫೋನಿನಲ್ಲಿ ಇಂಥ ವಾಲೆಟ್‌ಗಳು ಟ್ಯಾಪ್ ಬಿಡದಿರುವುದೂ ಇದೇ ಭಯಕ್ಕೆ.

ಇದರ ಪರಿಣಾಮ ನೋಡಬೇಕು ಅಂತ ಆಂಡ್ರಾಯ್ಡ್‌ನಲ್ಲಿ ವೈಫೈ, ಡೇಟಾ ಎರಡನ್ನೂ ಆಫ್ ಮಾಡಿ ಓಡಾಡಿದೆ. ಮೊದಲು ಏನೂ ತೊಂದರೆ ಇಲ್ಲ, ಇಳಿಸಿಟ್ಟ ಕೀಲಿ ಇತ್ತಲ್ಲ. ಆಮೇಲೊಮ್ಮೆ ಕಾಫಿ ಕೌಂಟರ್‌ನಲ್ಲಿ ಟ್ಯಾಪ್ ಮಾಡಿದರೆ ಪಾವತಿ ಬದಲು ಇಂಟರ್ನೆಟ್‌ಗೆ ಸೇರಿಸಿ ಅನ್ನುವ ಸೂಚನೆ ಬಂತು. ಡೇಟಾ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ಸರಿಹೋಯಿತು. ನಿಮಗೂ ಹೀಗಾದರೆ ಅಂಗಡಿಯ ಮೆಷಿನ್ನನ್ನು ಬೈಯಬೇಡಿ. ಐಫೋನ್ ನೆಟ್ ಇಲ್ಲದೆಯೇ ನಡೆಯುತ್ತಲೇ ಇತ್ತು, ಅದರ ಕೀಲಿ ತೀರಿಹೋಗುವಂಥದ್ದಲ್ಲ.

ದೊಡ್ಡ ವ್ಯತ್ಯಾಸ ಕಂಡಿದ್ದು ಟ್ಯೂಬ್, ಅಂದರೆ ಲಂಡನ್ ಮೆಟ್ರೋದ ಗೇಟಿನಲ್ಲಿ. ಆಂಡ್ರಾಯ್ಡ್‌ನ ಬ್ಯಾಟರಿ ಸತ್ತರೆ ಆ್ಯಪ್ ಓಡುವುದಿಲ್ಲ, ಎಚ್‌ಸಿಇ ಅಲ್ಲಿಗೇ ಮುಗಿಯಿತು. ಐಫೋನ್ ಚಾರ್ಜ್ ಖಾಲಿಯಾಗಿ ಪರದೆ ಕಪ್ಪಾದ ಮೇಲೂ ಗೇಟ್ ತೆರೆಯಿತು. ಬ್ಯಾಟರಿಯ ತಳದಲ್ಲಿ ಉಳಿದ ಚೂರು ಶಕ್ತಿಯೇ ಟ್ಯಾಪ್‌ಗೆ ಬೇಕಾದ ಎನ್‌ಎಫ್‌ಸಿ ರೇಡಿಯೊಗೂ ಚಿಪ್‌ಗೂ ಸಾಕು. ಆದರೆ ಇದು ಮುಖ, ಪಾಸ್‌ಕೋಡ್ ಕೇಳದೆ ಗೇಟ್ ದಾಟಿಸುವ ಎಕ್ಸ್‌ಪ್ರೆಸ್ ಮೋಡ್‌ಗೆ ಇಟ್ಟ ಕಾರ್ಡಿಗೆ ಮಾತ್ರ, ಐಫೋನ್ ಎಕ್ಸ್‌ಎಸ್ ಮತ್ತು ಅದರ ನಂತರದ ಫೋನುಗಳಲ್ಲಿ, ಹೆಚ್ಚೆಂದರೆ 5 ಗಂಟೆ. ಅದೇ ಸ್ಥಿತಿಯಲ್ಲಿ ಕಾಫಿ ಕೊಳ್ಳಲು ಹೋದರೆ ನಡೆಯುವುದಿಲ್ಲ, ಅಲ್ಲಿ ಮುಖವೋ ಪಾಸ್‌ಕೋಡೋ ತೋರಿಸಲೇಬೇಕು.

ಹಾಗಂತ ಚಿಪ್ಪೇ ಮೇಲು ಅಂತ ನಾನು ಹೇಳುವುದಿಲ್ಲ. ಚಿಪ್‌ಗೆ ಬಾಗಿಲು ಕಾಯುವವರು ಫೋನ್ ಕಂಪನಿಯವರು. ಅವರನ್ನು ಕೇಳದೆ ಬ್ಯಾಂಕ್ ಒಳಗೆ ಕಾಲಿಡುವ ಹಾಗಿಲ್ಲ. ಆಂಡ್ರಾಯ್ಡ್‌ನ ಎಚ್‌ಸಿಇಗೆ ಆ ಒಪ್ಪಿಗೆ ಬೇಕಿಲ್ಲ, ಬ್ಯಾಂಕೇ ತನ್ನ ಆ್ಯಪ್ ಬರೆದುಕೊಳ್ಳಬಹುದು. ಯುರೋಪಿಯನ್ ಒಕ್ಕೂಟದ ಒತ್ತಡಕ್ಕೆ 2024ರಲ್ಲಿ ಆಪಲ್ ಕೂಡ ಅಲ್ಲಿನ ಐಫೋನ್‌ಗಳಲ್ಲಿ ಬೇರೆ ವಾಲೆಟ್‌ಗಳಿಗೆ ಬಿಟ್ಟುಕೊಟ್ಟಿದ್ದು ಎಚ್‌ಸಿಇಯನ್ನೇ. ನಾನಂತೂ ಟ್ಯೂಬ್‌ಗೆ ಐಫೋನ್, ಮಿಕ್ಕಿದ್ದಕ್ಕೆಲ್ಲ ಆಂಡ್ರಾಯ್ಡ್.