.env ಫೈಲೋ, ಸೀಕ್ರೆಟ್ಸ್ ಮ್ಯಾನೇಜರೋ? ಎರಡನ್ನೂ ಬಳಸಿ ನೋಡಿದ್ದು

ಮೂರು ಸರ್ವರ್, ಪಾಸ್‌ವರ್ಡ್ ಬರೆದಿಟ್ಟ ಮೂರು `.env` ಫೈಲ್. ಡೇಟಾಬೇಸ್ ಪಾಸ್‌ವರ್ಡ್ ಬದಲಿಸಬೇಕೆಂದರೆ ಪೋಸ್ಟ್‌ಗ್ರೆಸ್‌ನಲ್ಲಿ `ALTER ROLE` ಓಡಿಸಿ, ಒಂದೊಂದೇ ಸರ್ವರ್‌ಗೆ ಹೋಗಿ ಫೈಲ್ ತಿದ್ದಿ, ಆ್ಯಪ್ ರೀಸ್ಟಾರ್ಟ್ ಮಾಡುತ್ತಿದ್ದೆ. ನಡುವಿನ ನಾಲ್ಕೈದು ನಿಮಿಷ ದೇವರೇ ಗತಿ. ಆ ಹೆದರಿಕೆಗೇ ಮುಂದೂಡುತ್ತಾ ಹೋಗಿ ಒಂದೇ ಪಾಸ್‌ವರ್ಡ್ ಎರಡು ವರ್ಷ ಬಾಳಿತು. ಅಷ್ಟರಲ್ಲಿ ಅದನ್ನು ಯಾರ್‍ಯಾರು ಓದಿದರೋ, ಫೈಲ್ ಲೆಕ್ಕ ಇಡುವುದಿಲ್ಲ.

ಆಮೇಲೆ ಪಾಸ್‌ವರ್ಡ್‌ಗಳನ್ನು ಒಂದೇ ಕಡೆ ಕಾಪಿಡುವ ಸ್ಟೋರ್ ಆದ ಎಡಬ್ಲ್ಯೂಎಸ್ ಸೀಕ್ರೆಟ್ಸ್ ಮ್ಯಾನೇಜರ್‌ಗೆ ಬಂದೆ. ಇಲ್ಲಿ ಪ್ರತಿ ಓದೂ ಕ್ಲೌಡ್‌ಟ್ರೇಲ್‌ನಲ್ಲಿ ದಾಖಲಾಗುತ್ತದೆ. ರೊಟೇಶನ್, ಅಂದರೆ ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಒಂದು ಲ್ಯಾಂಬ್ಡಾ ಫಂಕ್ಷನ್ ನೋಡಿಕೊಳ್ಳುತ್ತದೆ: ಹೊಸ ಪಾಸ್‌ವರ್ಡ್ ಹುಟ್ಟಿಸಿ `AWSPENDING` ಎಂದು ಇಡುತ್ತದೆ, ಡೇಟಾಬೇಸ್‌ಗೆ ಹಾಕುತ್ತದೆ, ಲಾಗಿನ್ ಆಗುತ್ತದೆಯೇ ಎಂದು ನೋಡುತ್ತದೆ, ಲಾಗಿನ್ ಆದರೆ ಮಾತ್ರ `AWSCURRENT` ಚೀಟಿಯನ್ನು ಆ ಪಾಸ್‌ವರ್ಡ್‌ಗೆ ಅಂಟಿಸುತ್ತದೆ. ನಾನು ಕೈಯಿಂದ ಮಾಡುವಾಗ ಪರೀಕ್ಷೆಯ ಹಂತವನ್ನೇ ಹಾರಿಸುತ್ತಿದ್ದೆ.

ಆದರೂ ಮೊದಲ ರೊಟೇಶನ್‌ನಲ್ಲೇ ಎಡವಿದೆ, ತಪ್ಪು ನನ್ನದೇ. ಸೀಕ್ರೆಟ್ಟನ್ನು ಕಂಟೇನರ್ ಶುರುವಾಗುವಾಗ ಎನ್‌ವಿರಾನ್‌ಮೆಂಟ್ ವೇರಿಯಬಲ್ ಆಗಿ ತುಂಬಿಸಿದ್ದೆ. ಓಡುತ್ತಿರುವ ಕಂಟೇನರ್‌ಗೆ ಹೊಸ ಪಾಸ್‌ವರ್ಡ್ ತಾನಾಗಿ ತಲುಪುವುದಿಲ್ಲ. ಮೋಸ ಏನೆಂದರೆ, ಪೋಸ್ಟ್‌ಗ್ರೆಸ್ ಪಾಸ್‌ವರ್ಡ್ ಕೇಳುವುದು ಕನೆಕ್ಷನ್ ತೆರೆಯುವಾಗ ಮಾತ್ರ. ಪೂಲ್‌ನಲ್ಲಿದ್ದ ಹಳೆಯ ಕನೆಕ್ಷನ್‌ಗಳು ಏನೂ ಆಗಿಲ್ಲವೆಂಬಂತೆ ನಡೆದವು. ಅವುಗಳ ಆಯಸ್ಸು ಮುಗಿದು ಹೊಸವನ್ನು ತೆರೆಯಹೊರಟಾಗ, ಅರ್ಧ ಗಂಟೆ ಕಳೆದ ಮೇಲೆ, ಲಾಗ್ ತುಂಬ ಇದು:

```
FATAL:  password authentication failed for user "app"
```

ಅಲ್ಲಲ್ಲಿ ಕೆಲವು ರಿಕ್ವೆಸ್ಟ್ ಮಾತ್ರ ಬೀಳುತ್ತಿದ್ದುದರಿಂದ ರೊಟೇಶನ್ ಮೇಲೆ ಅನುಮಾನವೇ ಬರಲಿಲ್ಲ. ಅಂದರೆ, ಪೆಟ್ಟಿಗೆ ಬದಲಿಸಿದ್ದೆ, ಓದುವ ಚಾಳಿ `.env` ಕಾಲದ್ದೇ.

ಈಗ ಆ್ಯಪ್ ನೇರವಾಗಿ ಸ್ಟೋರ್‌ನಿಂದಲೇ ಓದುತ್ತದೆ, ಸ್ವಲ್ಪ ಹೊತ್ತು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಲಾಗಿನ್ ವಿಫಲವಾದರೆ ಕ್ಯಾಶ್ ಬಿಸಾಕಿ, ಹೊಸದಾಗಿ ಓದಿ, ಒಂದೇ ಒಂದು ಸಲ ಮತ್ತೆ ಪ್ರಯತ್ನಿಸುತ್ತದೆ. ಜೊತೆಗೆ ಇಬ್ಬರು ಯೂಸರ್‌ಗಳನ್ನು ಸರದಿಯಲ್ಲಿ ಬದಲಿಸುವ ವಿಧಾನ ಹಿಡಿದೆ: `app` ಬಳಕೆಯಲ್ಲಿದ್ದಾಗ `app_clone` ಪಾಸ್‌ವರ್ಡ್ ಬದಲಾಗುತ್ತದೆ, ಹಾಗಾಗಿ ಹಳೆಯದು ಮುಂದಿನ ಸರದಿಯವರೆಗೂ ನಡೆಯುತ್ತದೆ. ತಲೆನೋವು ಇಲ್ಲದಿಲ್ಲ. ಹೊಸ ಟೇಬಲ್‌ಗೆ ಅನುಮತಿ ಕೊಡುವಾಗ ಇಬ್ಬರಿಗೂ ಕೊಡಬೇಕು. ಒಬ್ಬರನ್ನು ಮರೆತರೆ ಎಡವಟ್ಟು ಗೊತ್ತಾಗುವುದು ಸರದಿ ತಿರುಗಿದ ದಿನ.

ಪ್ರೊಡಕ್ಷನ್‌ಗೆ ನನ್ನ ಓಟು ಸ್ಟೋರ್‌ಗೇ. ಡೆವಲಪರ್ ಲ್ಯಾಪ್‌ಟಾಪ್‌ನಲ್ಲಿ, ನಕಲಿ ಡೇಟಾದ ಜೊತೆಗೆ, `.env` ಈಗಲೂ ಇದೆ, ಇರಲಿ. ಕ್ಲೌಡ್‌ನಲ್ಲಿರುವ ಸರ್ವರ್‌ಗಳು ತಮ್ಮ ಐಎಎಮ್ ರೋಲ್ ತೋರಿಸಿ ಸ್ಟೋರ್ ತೆರೆಯುತ್ತವೆ. ಹೊರಗಿರುವ ಒಂದು ಹಳೆಯ ಸರ್ವರ್‌ಗೆ ಆ ಸೌಲಭ್ಯ ಇನ್ನೂ ಮಾಡಿಕೊಟ್ಟಿಲ್ಲ. ಸ್ಟೋರ್ ತೆರೆಯುವ ಅದರ ಕೀಲಿ ಸದ್ಯಕ್ಕೆ ಒಂದು `.env` ಫೈಲಿನಲ್ಲೇ ಕೂತಿದೆ.