ಸ್ಟೋಕ್ಯಾಸ್ಟಿಕ್: ಫಾಸ್ಟ್, ಸ್ಲೋ, ಫುಲ್ – ನಾಲ್ಕು ವರ್ಷ ಬಳಸಿದ ಮೇಲೆ

ಸ್ಟೋಕ್ಯಾಸ್ಟಿಕ್ ಅಂದರೆ ಶೇರು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂಬ ಸುಳಿವಿಗೆ ಚಾರ್ಟ್‌ನಲ್ಲಿ ನೋಡುವ ಒಂದು ಸೂಚಕ. ಮೊದಲ ಒಂದೂವರೆ ವರ್ಷ ನಾನು ಅದರ ಸ್ಲೋ ಬಗೆ ನೋಡುತ್ತಿದ್ದೇನೆ ಅಂದುಕೊಂಡು ಫಾಸ್ಟ್ ನೋಡುತ್ತಿದ್ದೆ. ನನ್ನ ಚಾರ್ಟ್ ಆ್ಯಪ್‌ನಲ್ಲಿ ಇದರ ಹೆಸರು ಬರೀ Stochastic. ಸೆಟ್ಟಿಂಗ್ಸ್ ತೆರೆದಾಗ 14, 1, 3 ಎಂದಿತ್ತು. ನಡುವಿನ ಆ 1 ಅಂದರೆ %K ಗೆರೆಗೆ ಸರಾಸರಿಯನ್ನೇ ಹಾಕಿಲ್ಲ ಎಂದರ್ಥ, ಅದು ಫಾಸ್ಟ್. ಅದನ್ನು 3 ಮಾಡಿದರೆ ಸ್ಲೋ. ಮೂರೂ ಸಂಖ್ಯೆಗಳನ್ನು ನಮಗೆ ಬೇಕಾದಂತೆ ಬದಲಿಸಲು ಬಿಟ್ಟರೆ ಅದೇ ಫುಲ್. ಹೆಸರು ಮೂರಾದರೂ ಇರುವುದು ಒಂದೇ ಲೆಕ್ಕ:

```
%K = 100 × (C − L14) / (H14 − L14)
```

ಅಂದರೆ 14 ದಿನಗಳ ಗರಿಷ್ಠ ಮತ್ತು ಕನಿಷ್ಠದ ನಡುವೆ ಇವತ್ತಿನ ಕ್ಲೋಸಿಂಗ್ ಎಷ್ಟು ಎತ್ತರದಲ್ಲಿದೆ ಎಂಬುದು. ಫಾಸ್ಟ್‌ನಲ್ಲಿ ಇದರ 3 ದಿನದ ಸರಾಸರಿಯೇ %D. ಸ್ಲೋನಲ್ಲಿ ಅದೇ ಸರಾಸರಿ %K ಆಗುತ್ತದೆ, ಅದರ ಮೇಲೆ ಇನ್ನೊಂದು 3 ದಿನದ ಸರಾಸರಿ %D ಆಗುತ್ತದೆ.

ವ್ಯತ್ಯಾಸ ನನಗೆ ಮನದಟ್ಟಾಗಿದ್ದು ಕೈಯಲ್ಲಿ ಲೆಕ್ಕ ಹಾಕಿದಾಗ. 500 ಮತ್ತು 540ರ ನಡುವೆಯೇ ಓಡಾಡುವ ಒಂದು ಶೇರು ತೆಗೆದುಕೊಳ್ಳಿ, 14 ದಿನದ ಗರಿಷ್ಠ-ಕನಿಷ್ಠ ಬದಲಾಗುತ್ತಿಲ್ಲ ಎನ್ನೋಣ. ಕ್ಲೋಸಿಂಗ್‌ಗಳು ಹೀಗಿವೆ: 514, 510, 506, 504, 502, 514, 504, 506, 516, 522, 528, 538, 532, 520.

ಆರನೇ ದಿನ ಬೆಲೆ 502ರಿಂದ 514ಕ್ಕೆ ನೆಗೆದಾಗ ಫಾಸ್ಟ್ %K 5ರಿಂದ 35ಕ್ಕೆ ಹೋಗಿ %Dಯನ್ನು ದಾಟಿತು: ಖರೀದಿ ಸಿಗ್ನಲ್. ಮರುದಿನವೇ 504, ಗೆರೆ ಕೆಳಗೆ: ಮಾರು. ಒಂಬತ್ತನೇ ದಿನ 516ಕ್ಕೆ ಮತ್ತೆ ಖರೀದಿ, ಹದಿಮೂರನೇ ದಿನ 532ಕ್ಕೆ ಮಾರಾಟ. ಮೊದಲ ಸಲ 10 ರೂಪಾಯಿ ನಷ್ಟ, ಎರಡನೇ ಸಲ 16 ಲಾಭ, ಕೈಗೆ ಉಳಿದದ್ದು 6.

ಸ್ಲೋ ಕೂಡ ಆರನೇ ದಿನವೇ 514ಕ್ಕೆ ಖರೀದಿ ಹೇಳಿತು. ಇದು ನನಗೂ ಅಚ್ಚರಿ, ತಡವಾಗುತ್ತದೆ ಎಂದೇ ನಂಬಿದ್ದೆ. ಆದರೆ ಮರುದಿನದ ಕುಸಿತಕ್ಕೆ ಅದು ಅಲ್ಲಾಡಲಿಲ್ಲ, 16.7ರಲ್ಲೇ ನಿಂತಿತು. ತಡವಾದದ್ದು ಹೊರಬರುವಾಗ: ಹದಿಮೂರನೇ ದಿನ ಸುಮ್ಮನಿದ್ದು ಹದಿನಾಲ್ಕನೇ ದಿನ 520ಕ್ಕೆ ಮಾರು ಎಂದಿತು. ಲಾಭ ಇಲ್ಲಿಯೂ 6. ಫಾಸ್ಟ್‌ನಲ್ಲಿ ಎರಡು ಸಲ ಕೊಂಡು ಮಾರಿದ್ದಕ್ಕೆ ಬ್ರೋಕರೇಜ್, ಎಸ್‌ಟಿಟಿ ಎರಡೆರಡು ಸಲ, ಸ್ಲೋನಲ್ಲಿ ಒಂದೇ ಸಲ. ನನ್ನಂತೆ ಕೆಲಸಕ್ಕೆ ಹೋಗುತ್ತಾ ದಿನದ ಚಾರ್ಟ್ ನೋಡುವವರಿಗೆ ಆ ಉಳಿತಾಯವೇ ದೊಡ್ಡದು.

ಆಮೇಲೆ ದುರಾಸೆಗೆ ಬಿದ್ದು ಫುಲ್‌ನಲ್ಲಿ 14, 5, 5 ಇಟ್ಟೆ. ಗೆರೆ ರೇಷ್ಮೆಯ ಹಾಗೆ ನುಣುಪಾಯಿತು. ಆದರೆ ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: ಬೆಲೆ 538ರಿಂದ 520ಕ್ಕೆ ಬಿದ್ದ ಮೇಲೂ ಹದಿನಾಲ್ಕನೇ ದಿನ ಆ %K 68ರಿಂದ 70ಕ್ಕೆ ಏರುತ್ತಲೇ ಇರುತ್ತದೆ. ಬೆಲೆ ಅತಿಯಾಗಿ ಏರಿದೆ ಎನ್ನುವ ಗಡಿಯಾದ 80ನ್ನು ಮುಟ್ಟೇ ಇಲ್ಲ, ಮಾರಾಟದ ಸುಳಿವೂ ಇಲ್ಲ. ಕಾರಣ ಸರಳ. ಸರಾಸರಿ ಏರುವುದೋ ಇಳಿಯುವುದೋ ಇವತ್ತಿನ ಮೌಲ್ಯದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಲೆಕ್ಕದಿಂದ ಯಾವ ಹಳೆಯ ಮೌಲ್ಯ ಹೊರಬಿತ್ತು ಎಂಬುದೂ ಅಷ್ಟೇ ಮುಖ್ಯ. ಅವತ್ತು ಹೊಸದಾಗಿ ಬಂದದ್ದು 50. ಐದರ ಸರಾಸರಿಯಿಂದ ಹೊರಬಿದ್ದದ್ದು 40, ಹಾಗಾಗಿ ಗೆರೆ ಏರಿತು. ಮೂರರ ಸರಾಸರಿಯಿಂದ ಹೊರಬಿದ್ದದ್ದು 70, ಹಾಗಾಗಿ ಗೆರೆ ಇಳಿಯಿತು. ಇದು ತಿಳಿದ ಮೇಲೆ ನಾನು ಸಿಗ್ನಲ್ ಬಂದ ಕೂಡಲೇ ಮೂರು ದಿನ ಹಿಂದಿನ ಕ್ಯಾಂಡಲ್ ನೋಡುತ್ತೇನೆ. ಇವತ್ತು ಬೆಲೆ ಹೆಚ್ಚೇನೂ ಅಲುಗಾಡದೆ, ಅವತ್ತಿನ ದೊಡ್ಡ ಕುಸಿತ ಲೆಕ್ಕದಿಂದ ಹೊರಬಿದ್ದದ್ದಕ್ಕೇ ಗೆರೆ ಮೇಲೆದ್ದಿದ್ದರೆ ಆ ಸಿಗ್ನಲ್ ಬಿಟ್ಟುಬಿಡುತ್ತೇನೆ.

ಅತಿಯಾಗಿ ಇಳಿದಿದೆ, ಅತಿಯಾಗಿ ಏರಿದೆ ಎನ್ನುವ 20 ಮತ್ತು 80ರ ಗೆರೆಗಳನ್ನೂ ಮೂರೂ ಬಗೆಗೆ ಒಂದೇ ಅಳತೆಯಾಗಿ ಹಿಡಿಯಬಾರದು. ಸರಾಸರಿ ಹೆಚ್ಚಿದಷ್ಟೂ ಗೆರೆ ತುದಿಗಳಿಗೆ ಹೋಗುವುದು ಕಡಿಮೆ. 14, 5, 5 ಇಟ್ಟ ತಿಂಗಳುಗಳಲ್ಲಿ 80 ದಾಟಲಿ ಎಂದು ಕಾದು ಎರಡು ಒಳ್ಳೆಯ ಮಾರಾಟದ ಬೆಲೆ ಕಳೆದುಕೊಂಡೆ.

ಯಾವ ಸರಾಸರಿಯೂ ಸರಿಮಾಡದ ಕೊರತೆಯೊಂದಿದೆ. ಶೇರು ಒಂದೇ ಸಮನೆ ಏರುವಾಗ ಕ್ಲೋಸಿಂಗ್ ಗರಿಷ್ಠದ ಹತ್ತಿರವೇ ಇರುತ್ತದೆ, ಮೂರೂ ಬಗೆಗಳು ವಾರಗಟ್ಟಲೆ 80ರ ಮೇಲೆ ಅಂಟಿಕೊಂಡಿರುತ್ತವೆ. ಆಗ 'ಓವರ್‌ಬಾಟ್' ಎಂದು ಮಾರಿದವರಿಗೆ ನಷ್ಟ. ಆದ್ದರಿಂದ ಬೆಲೆ ಒಂದು ಪಟ್ಟಿಯೊಳಗೆ ಓಡಾಡುತ್ತಿರುವಾಗ ಮಾತ್ರ ಇದನ್ನು ತೆರೆಯುತ್ತೇನೆ.

ಈಗ ನನ್ನ ಚಾರ್ಟ್‌ನಲ್ಲಿರುವುದು 14, 3, 3. ಮಧ್ಯಾಹ್ನ ಎರಡಕ್ಕೆ ಕಾಣುವ ಕ್ರಾಸ್ ಮಾರುಕಟ್ಟೆ ಮುಚ್ಚುವಷ್ಟರಲ್ಲಿ ಮಾಯವಾಗುವುದು ಸ್ಲೋನಲ್ಲೂ ಇದೆ, ಅದಕ್ಕೇ 3:30 ಆಗುವ ತನಕ ಯಾವ ಕ್ರಾಸನ್ನೂ ಲೆಕ್ಕಕ್ಕೆ ಹಿಡಿಯುವುದಿಲ್ಲ.